ಕಾಫಿ ಕಣದ ಬಿಸಿಲು, ಬಿಳಿ ಬೆಕ್ಕಿನ ಕಿವಿ

ಜಾವಳಿಯ ಸುತ್ತಿನ ತೋಟಗಳಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕಣಕ್ಕೆ ಬಿಡುವಿಲ್ಲ. ಅರೇಬಿಕಾ ಒಣಗಿ ಮೂಟೆಗೆ ಸೇರುವಷ್ಟರಲ್ಲಿ ರೋಬಸ್ಟಾ ಹಣ್ಣು ಬಂದು ಬೀಳುತ್ತದೆ. ಹರವುವುದು, ಗಂಟೆಗೊಮ್ಮೆ ಕೈಯಾಡಿಸುವುದು, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವುದು ಎಂದು ಆಳುಗಳಿಗೆ ದಿನವಿಡೀ ಕೆಲಸ. ಇದೇ ಕಣದ ಅಂಚಿನಲ್ಲಿ ಯಾವ ಕೆಲಸವೂ ಇಲ್ಲದೆ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಳ್ಳುವ ಜೀವವೊಂದು ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಇರುತ್ತದೆ. ಮೂಟೆಗಳಿಗೆ ಇಲಿ ಬೀಳದಿರಲಿ ಎಂದು ಸಾಕಿದ ಬೆಕ್ಕು ಅದು. ಹಗಲು ಅದರ ಪಾಲಿಗೆ ರಜೆ.

ಆ ಬೆಕ್ಕು ಕಪ್ಪೋ ಬೂದೋ ಆಗಿದ್ದರೆ ಈ ಅಧ್ಯಾಯಕ್ಕೆ ಅದರಿಂದ ಹೆಚ್ಚು ಕೆಲಸವಿಲ್ಲ. ಬಿಳಿಯದಾಗಿದ್ದರೆ, ಅಥವಾ ಮೈಯೆಲ್ಲ ಬೇರೆ ಬಣ್ಣವಿದ್ದು ಕಿವಿ, ಮೂಗು ಮಾತ್ರ ಬಿಳಿಯಾಗಿದ್ದರೆ, ಅದರ ಕಿವಿಯ ತುದಿಯನ್ನು ಹತ್ತಿರದಿಂದ ನೋಡಬೇಕು. ಅಂಚು ಕೊಂಚ ಕೆಂಪಾಗಿದೆಯೇ? ಅಲ್ಲಿನ ಕೂದಲು ಉದುರಿ ಚರ್ಮ ಹೊಳೆಯುತ್ತಿದೆಯೇ? ಸಣ್ಣ ಹಕ್ಕಳೆ ಕಟ್ಟಿ, ಉದುರಿ, ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತಿದೆಯೇ? ಹೌದಾದರೆ ಅದು ಬಿಸಿಲಿನ ಸುಟ್ಟಗಾಯ. ಹಾಗೆಯೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಅದು ಚರ್ಮದ ಕ್ಯಾನ್ಸರ್ ಆಗಬಲ್ಲದು.

ಬಿಸಿಲ ಕಾಯಿಲೆಯೆಂದರೆ ರಾಯಚೂರು, ಕಲಬುರಗಿ ನೆನಪಾಗುವುದು ಸಹಜ. ಮಂಜು, ಮಳೆ, ಸಿಲ್ವರ್ ಓಕ್ ನೆರಳಿನ ಮೂಡಿಗೆರೆ, ಕಳಸದ ಕಡೆ ಬಿಸಿಲು ಸುಡುವುದೆಂದರೆ ನಂಬಲು ಕಷ್ಟ. ಆದರೆ ಚರ್ಮವನ್ನು ಕೆಡಿಸುವುದು ಬಿಸಿಲಿನ ಶಾಖವಲ್ಲ, ಅದರೊಳಗಿನ ನೇರಳಾತೀತ ಕಿರಣ. ಇವೆರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದಿಲ್ಲ. ಹೇಮಾವತಿ ಹುಟ್ಟುವ ಜಾವಳಿಯ ಸುತ್ತ ಗುಡ್ಡಗಳು ಸಮುದ್ರಮಟ್ಟಕ್ಕಿಂತ ಸಾವಿರ ಮೀಟರ್ ದಾಟಿ ನಿಂತಿವೆ. ಎತ್ತರ ಹೆಚ್ಚಾದಂತೆ ಗಾಳಿ ತಣ್ಣಗಾಗುತ್ತದೆ, ಆದರೆ ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣ ಸುಮಾರು ಹತ್ತು ಪ್ರತಿಶತ ಹೆಚ್ಚುತ್ತದೆ. ತೆಳು ಮೋಡವೂ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಇನ್ನು ಅಕ್ಷಾಂಶ. ಊರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಆಗಸ್ಟ್‌ನಲ್ಲಿ ಮುಂಗಾರಿನ ದಟ್ಟ ಮೋಡ ಕಾಪಾಡುತ್ತದೆ, ಏಪ್ರಿಲ್‌ನಲ್ಲಿ ಕಾಪಾಡುವವರಿಲ್ಲ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಅತಿ ತಗ್ಗಿನಲ್ಲಿ ಸಾಗುವಾಗಲೂ ಮಧ್ಯಾಹ್ನ ಐದೂವರೆ ಅಡಿ ಎತ್ತರದವರ ನೆರಳು ನಾಲ್ಕು ಅಡಿಯಷ್ಟೇ ಬೀಳುತ್ತದೆ. ನೆರಳು ಆಳಿಗಿಂತ ಗಿಡ್ಡವಾಗಿದ್ದಾಗ ನೇರಳಾತೀತ ಕಿರಣ ಜೋರಾಗಿರುತ್ತದೆ ಎನ್ನುವುದು ಚರ್ಮವೈದ್ಯರು ಹೇಳುವ ಸುಲಭದ ಅಳತೆ. ಆ ಅಳತೆಯ ಪ್ರಕಾರ ಜಾವಳಿಯ ಮಧ್ಯಾಹ್ನಕ್ಕೆ ವರ್ಷದಲ್ಲಿ ಒಂದು ದಿನವೂ ವಿನಾಯಿತಿಯಿಲ್ಲ.

ಇದಕ್ಕೆ ಬೆಕ್ಕಿನ ಸ್ವಭಾವವೂ ಸೇರಿಕೊಳ್ಳುತ್ತದೆ. ಮೈಯ ಶಾಖ ಕಾಪಾಡಿಕೊಳ್ಳಲು ಹೆಚ್ಚಿನ ಶಕ್ತಿ ಖರ್ಚಾಗದೆ ಬೆಕ್ಕು ಹಾಯಾಗಿರುವುದು ಸುತ್ತಲಿನ ಉಷ್ಣತೆ 30ರಿಂದ 38 ಡಿಗ್ರಿ ಸೆಲ್ಸಿಯಸ್ ಇದ್ದಾಗ. ಮರುಭೂಮಿಯ ಕಾಡುಬೆಕ್ಕಿನಿಂದ ಬಂದ ಬಳುವಳಿ ಇದು. ಮನುಷ್ಯರು ಹಿತವೆನ್ನುವ ಮಲೆನಾಡಿನ ಹವೆ ಬೆಕ್ಕಿನ ಲೆಕ್ಕದಲ್ಲಿ ಚಳಿಯೇ. ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಬೆಕ್ಕು ತಾನಾಗಿಯೇ ನೆರಳಿಗೆ ಓಡುತ್ತದೆ. ಅಲ್ಲಿನ ಸೆಕೆಯೇ ಅದರ ಕಿವಿಯನ್ನು ಕಾಯುತ್ತದೆ ಎನ್ನಬೇಕು. ಗುಡ್ಡದ ಮೇಲೆ, ಮಂಜು ಕರಗಿದ ಮೇಲೆ ಒಂಬತ್ತಕ್ಕೆ ಕಣಕ್ಕೆ ಬಂದ ಬೆಕ್ಕಿಗೆ ಹನ್ನೆರಡಾದರೂ ಏಳುವ ಮನಸ್ಸಾಗುವುದಿಲ್ಲ. ಅಷ್ಟರಲ್ಲಿ ಕಿರಣ ತನ್ನ ತುತ್ತತುದಿ ಮುಟ್ಟಿರುತ್ತದೆ. ತಂಪು ಗಾಳಿ, ಹರಿತ ಬಿಸಿಲು, ಶಾಖಕ್ಕೆ ಹಂಬಲಿಸುವ ಪ್ರಾಣಿ: ಈ ಮೂರೂ ಒಂದೆಡೆ ಸೇರುವ ಜಾಗ ಮಲೆನಾಡು.

ಹಾಗಿದ್ದರೆ ಕಪ್ಪು ಬೆಕ್ಕಿಗೆ ಏಕೆ ಏನೂ ಆಗುವುದಿಲ್ಲ? ಅದರ ಚರ್ಮದ ಮೇಲ್ಪದರದ ಜೀವಕೋಶಗಳಲ್ಲಿ ಮೆಲನಿನ್ ಎಂಬ ಬಣ್ಣದ ಕಣಗಳಿವೆ. ಅವು ಪ್ರತಿ ಕೋಶದ ಕೇಂದ್ರದ ಮೇಲೆ, ಬಿಸಿಲು ಬೀಳುವ ಬದಿಗೆ, ಗುಂಪಾಗಿ ಕೂರುತ್ತವೆ. ತೋಟದಲ್ಲಿ ಕೆಲಸ ಮಾಡುವವರು ತಲೆಗೆ ಹಾಕಿಕೊಳ್ಳುವ ಗೊರಬಿನಂತೆ ಕೋಶದೊಳಗಿನ ಡಿಎನ್‌ಎಯನ್ನು ಮರೆಮಾಡುತ್ತವೆ. ಬಿಳಿ ಬೆಕ್ಕಿನಲ್ಲಿ ಈ ಬಣ್ಣ ಮಾಡುವ ಕೋಶಗಳೇ ಚರ್ಮಕ್ಕೆ ಬಂದಿರುವುದಿಲ್ಲ. ಭ್ರೂಣದಲ್ಲಿ ಅವು ಬೆನ್ನುಹುರಿಯ ಪಕ್ಕ ಹುಟ್ಟಿ ಅಲ್ಲಿಂದ ಮೈಯೆಲ್ಲ ಹರಡಬೇಕು. ಆ ಪಯಣಕ್ಕೆ ಕಿಟ್ ಎಂಬ ಜೀನಿನ ನೆರವು ಬೇಕು. ಎಂದೋ ಒಂದು ಕಾಲದಲ್ಲಿ ಬೆಕ್ಕುಗಳ ಸಂತತಿಯೊಳಗೆ ಹೊಕ್ಕ ವೈರಸ್ಸೊಂದರ ತುಣುಕು ಈ ಜೀನಿನೊಳಗೆ ಸಿಕ್ಕಿಕೊಂಡಿರುವುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತುಣುಕು ಇಡಿಯಾಗಿ ಉಳಿದಿದ್ದರೆ ಬೆಕ್ಕಿಗೆ ಬಿಳಿ ಮಚ್ಚೆ, ಅದರ ಒಂದು ಚೂರು ಮಾತ್ರ ಉಳಿದಿದ್ದರೆ ಇಡೀ ಬೆಕ್ಕು ಬಿಳಿ. ಒಳಗಿವಿಗೂ ಇಂಥ ಕೋಶಗಳು ಬೇಕಾಗುವುದರಿಂದ ಬಿಳಿ ಬೆಕ್ಕುಗಳಲ್ಲಿ, ಅದರಲ್ಲೂ ನೀಲಿ ಕಣ್ಣಿನವುಗಳಲ್ಲಿ, ಹಲವು ಕಿವುಡಾಗಿ ಹುಟ್ಟುತ್ತವೆ. ಡಾರ್ವಿನ್ 1859ರ ತನ್ನ ಪುಸ್ತಕದಲ್ಲೇ ಈ ನಂಟನ್ನು ಗುರುತಿಸಿದ್ದ. ಕೇಳಿಸದ ಒಳಗಿವಿ, ಸುಡುವ ಹೊರಗಿವಿ, ಎರಡಕ್ಕೂ ಕಾರಣ ಒಂದೇ.

ಮೈಮೇಲಿನ ದಟ್ಟ ಕೂದಲು ಬಿಳಿಯಾಗಿದ್ದರೂ ಬಿಸಿಲನ್ನು ತಡೆಯುತ್ತದೆ. ಅದು ತೆಳುವಾಗುವುದು ಕಿವಿಯ ಅಂಚಿನಲ್ಲಿ, ಕಣ್ಣಿನ ರೆಪ್ಪೆಯಲ್ಲಿ, ಕಣ್ಣಿಗೂ ಕಿವಿಗೂ ನಡುವಿನ ಪಟ್ಟಿಯಲ್ಲಿ. ಮೂಗಿನ ತುದಿಯಲ್ಲಂತೂ ಕೂದಲೇ ಇಲ್ಲ. ಬಿಳಿ ಬೆಕ್ಕಿನ ಕ್ಯಾನ್ಸರ್ ಹುಟ್ಟುವುದು ಇದೇ ನಾಲ್ಕು ಜಾಗಗಳಲ್ಲಿ. ಬೆಕ್ಕು ಕುಳಿತಿರಲಿ, ಮಲಗಿರಲಿ, ಕಿವಿಯ ತುದಿ ಮಾತ್ರ ಆಕಾಶಕ್ಕೆ ಒಡ್ಡಿಕೊಂಡೇ ಇರುತ್ತದೆ. ಸಯಾಮಿ ಬೆಕ್ಕು ಇದಕ್ಕೆ ಸೊಗಸಾದ ತಿರುಗು ಉದಾಹರಣೆ. ಅದರ ಬಣ್ಣ ತಯಾರಿಸುವ ಕಿಣ್ವ ತಣ್ಣಗಿನ ಭಾಗಗಳಲ್ಲಿ ಮಾತ್ರ ಕೆಲಸ ಮಾಡುವುದರಿಂದ ಮೈ ತಿಳಿಯಾಗಿದ್ದು ಕಿವಿ, ಮೂಗು ಕಪ್ಪಾಗಿರುತ್ತವೆ. ಎಲ್ಲಿ ಬೇಕೋ ಅಲ್ಲೇ ಬಣ್ಣ.

ಬಿಳಿ ಬಣ್ಣಕ್ಕೂ ಈ ಕ್ಯಾನ್ಸರಿಗೂ ಇರುವ ನಂಟು ಎಷ್ಟು ಬಲವಾದದ್ದು ಎಂದು ಮೊದಲು ಅಂಕಿಯಲ್ಲಿ ಹೇಳಿದ್ದು 1971ರಲ್ಲಿ, ಕ್ಯಾಲಿಫೋರ್ನಿಯಾದ ಸಂಶೋಧಕರು. ಅಲ್ಲಿನ ಪ್ರಾಣಿ ಕ್ಯಾನ್ಸರ್ ದಾಖಲೆಗಳನ್ನು ಜಾಲಾಡಿದಾಗ ಚರ್ಮದ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಬರುವ ಸಾಧ್ಯತೆ ಬೇರೆ ಬಣ್ಣದ ಬೆಕ್ಕುಗಳಿಗಿಂತ ಬಿಳಿ ಬೆಕ್ಕುಗಳಲ್ಲಿ 13.4 ಪಟ್ಟು ಎಂದು ಕಂಡಿತು. ಅದೇ ಅಧ್ಯಯನ ಬಾಯೊಳಗಿನ ಅದೇ ಜಾತಿಯ ಕ್ಯಾನ್ಸರನ್ನೂ ಪಕ್ಕದಲ್ಲಿಟ್ಟು ನೋಡಿತ್ತು. ಬಾಯೊಳಗೆ ಬಿಸಿಲು ಬೀಳುವುದಿಲ್ಲ. ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಜಾಗ ಬೆಕ್ಕಿನ ಮೈಯಲ್ಲೇ ಇಲ್ಲ.

ಕ್ಯಾನ್ಸರಿನ ಚರಿತ್ರೆಯಲ್ಲಿ ಕಿವಿಗೆ ಇನ್ನೊಂದು ಸ್ಥಾನವೂ ಇದೆ. 1915ರಲ್ಲಿ ಟೋಕಿಯೋದಲ್ಲಿ ಯಾಮಾಗಿವಾ ಮತ್ತು ಇಚಿಕಾವಾ ಎಂಬಿಬ್ಬರು ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರು ಬಳಿದು ಕ್ಯಾನ್ಸರ್ ಬರಿಸಿ ತೋರಿಸಿದರು. ಹೊರಗಿನ ವಸ್ತುವೊಂದು ಕ್ಯಾನ್ಸರ್ ತರಬಲ್ಲದು ಎನ್ನುವುದಕ್ಕೆ ಪ್ರಯೋಗಶಾಲೆಯ ಮೊದಲ ಗಟ್ಟಿ ಪುರಾವೆ ಅದು. ಬರೀ ನೇರಳಾತೀತ ಬೆಳಕಿನಿಂದಲೇ ಬಿಳಿ ಇಲಿಗಳಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟಿಸಿದ್ದು 1928ರಲ್ಲಿ, ಲಂಡನ್ನಿನ ಜಾರ್ಜ್ ಫಿಂಡ್ಲೆ.

ಬೆಳಕು ಇಷ್ಟು ಹಾನಿ ಮಾಡುವುದು ಹೇಗೆ? ಡಿಎನ್‌ಎಯ ಎಳೆಯಲ್ಲಿ ಅಕ್ಕಪಕ್ಕ ಕುಳಿತ ಎರಡು ಅಕ್ಷರಗಳನ್ನು ನೇರಳಾತೀತ ಕಿರಣ ಒಂದಕ್ಕೊಂದು ಬೆಸೆದುಬಿಡುತ್ತದೆ. ಕೋಶಕ್ಕೆ ಇದು ಹೊಸದೇನಲ್ಲ. ಬೆಸುಗೆಯಿರುವ ತುಂಡನ್ನು ಕತ್ತರಿಸಿ ತೆಗೆದು ಹೊಸದನ್ನು ಹಾಕುವ ಕಿಣ್ವಗಳು ಅದರ ಬಳಿ ಇವೆ. ಹಾನಿ ರಿಪೇರಿಗೆ ಮೀರಿದರೆ ಪಿ53 ಎಂಬ ಪ್ರೋಟೀನು ಕೋಶಕ್ಕೆ ಸಾಯಲು ಹೇಳುತ್ತದೆ. ಬಿಸಿಲಿಗೆ ಸುಟ್ಟ ಚರ್ಮ ಸಿಪ್ಪೆ ಏಳುವುದರ ಹಿಂದೆ ಇಂಥ ಸಾವುಗಳೂ ಇವೆ. ಅಪಾಯ ಶುರುವಾಗುವುದು ಪಿ53ರ ಜೀನೇ ಬೆಸುಗೆಗೆ ಸಿಕ್ಕಿ ಕೆಟ್ಟಾಗ. ಅಂಥ ಕೋಶ ಎಷ್ಟು ಸುಟ್ಟರೂ ಸಾಯುವುದಿಲ್ಲ. ಮುಂದಿನ ಬಿಸಿಲಿಗೆ ಅದರ ನೆರೆಯ ಒಳ್ಳೆಯ ಕೋಶಗಳು ಶಿಸ್ತಿನಿಂದ ಸತ್ತು ಜಾಗ ಬಿಡುತ್ತವೆ, ತೆರವಾದ ಜಾಗಕ್ಕೆ ಕೆಟ್ಟ ಕೋಶದ ಮರಿಗಳು ಹಬ್ಬುತ್ತವೆ. ಮನುಷ್ಯರ ಚರ್ಮದಲ್ಲಿ ಇದನ್ನು ಯೇಲ್ ವಿಶ್ವವಿದ್ಯಾಲಯದ ಡಗ್ಲಸ್ ಬ್ರ್ಯಾಶ್ ತಂಡ 1994ರಲ್ಲಿ ವಿವರಿಸಿತು. ಬೆಕ್ಕಿನ ಗಡ್ಡೆಗಳಲ್ಲೂ ಪಿ53 ಕೆಟ್ಟಿರುವುದು ಕಂಡುಬಂದಿದೆ. ಅಂದರೆ ಬಿಸಿಲು ಎರಡು ಕೆಲಸ ಮಾಡುತ್ತದೆ: ಕಳೆಯ ಬೀಜವನ್ನೂ ಅದೇ ಬಿತ್ತುತ್ತದೆ, ಸುತ್ತಲಿನ ಪೈರನ್ನೂ ಅದೇ ಕಿತ್ತು ಜಾಗ ಮಾಡಿಕೊಡುತ್ತದೆ.

ಇದೆಲ್ಲ ನಡೆಯಲು ವರ್ಷಗಳು ಬೇಕು. ಆ ವರ್ಷಗಳು ಹೊರಗಿನಿಂದ ಹೇಗೆ ಕಾಣುತ್ತವೆ ಎಂದು ತಿಳಿಯಲು ತೋಟದ ಮನೆಯ ಬಿಳಿ ಹೆಣ್ಣುಬೆಕ್ಕೊಂದನ್ನು ಊಹಿಸಿಕೊಳ್ಳಬಹುದು. ಪಶುವೈದ್ಯರು ಬಲ್ಲ ಕಾಯಿಲೆಯ ಹಾದಿಯನ್ನು ಜಾವಳಿಯ ಋತುಗಳ ಜೊತೆ ಹೊಂದಿಸಿ ನೋಡುವುದಷ್ಟೇ ಇಲ್ಲಿನ ಉದ್ದೇಶ.

ಬೆಕ್ಕಿಗೆ ನಾಲ್ಕೈದು ವರ್ಷ. ಫೆಬ್ರುವರಿಯಲ್ಲಿ ಎರಡೂ ಕಿವಿಯ ಅಂಚು ಗುಲಾಬಿಯಿಂದ ಕೆಂಪಿಗೆ ತಿರುಗುತ್ತದೆ, ತಲೆಹೊಟ್ಟಿನಂಥ ಪುಡಿ ಏಳುತ್ತದೆ, ತುದಿಯ ಕೂದಲು ಉದುರುತ್ತದೆ. ಬೆಕ್ಕು ಅದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದು ತಿಂಗಳುಗಟ್ಟಲೆ ಬಿಸಿಲು ಕಾಣದಿದ್ದಾಗ ಕೆಂಪು ಇಳಿಯುತ್ತದೆ. ಮನೆಯವರು ಹಚ್ಚಿದ ಕೊಬ್ಬರಿ ಎಣ್ಣೆಗೋ ಅರಿಶಿನಕ್ಕೋ ಗುಣದ ಹೆಸರು ಬರುತ್ತದೆ. ಮುಂಗಾರು ಮಾಡಿದ ಕೆಲಸ ಅದು. ಮುಂದಿನ ಬೇಸಿಗೆಯಲ್ಲಿ ಕೆಂಪು ಮತ್ತೆ ಬರುತ್ತದೆ, ಈ ಸಲ ಕಿವಿಯ ಅಂಚು ಒಳಕ್ಕೆ ಸುರುಳಿಯಾಗತೊಡಗುತ್ತದೆ. ಚರ್ಮ ದಪ್ಪವಾಗಿ ಒರಟಾಗುತ್ತದೆ. ಸುಟ್ಟಗಾಯದ ಗಡಿ ದಾಟಿ ಕ್ಯಾನ್ಸರ್‌ಪೂರ್ವ ಸ್ಥಿತಿಗೆ, ವೈದ್ಯರ ಮಾತಿನಲ್ಲಿ ಆಕ್ಟಿನಿಕ್ ಕೆರಟೋಸಿಸ್‌ಗೆ, ಬೆಕ್ಕು ಬಂದಿದೆ.

ಏಳೆಂಟನೇ ವರ್ಷಕ್ಕೆ ಹಕ್ಕಳೆ ಕಾಣಿಸಿಕೊಳ್ಳುತ್ತದೆ. ಅಕ್ಕಿಕಾಳಿನಷ್ಟು, ಕಂದು ಬಣ್ಣದ್ದು. ಕೆರೆದಾಗ ಕಿತ್ತು ಬರುತ್ತದೆ, ಅಡಿಯಲ್ಲಿ ರಕ್ತ ಜಿನುಗುತ್ತದೆ, ವಾರದೊಳಗೆ ಮತ್ತೆ ಕಟ್ಟುತ್ತದೆ. ಮಳೆಗಾಲದಲ್ಲೂ ಹೋಗುವುದಿಲ್ಲ ಎನ್ನುವುದು ಇಲ್ಲಿನ ಹೊಸ ಸಂಗತಿ, ಗಮನಿಸಬೇಕಾದದ್ದೂ ಅದೇ. ಕೆಟ್ಟ ಕೋಶಗಳು ಈಗ ಚರ್ಮದ ಮೇಲ್ಪದರವನ್ನು ತುಂಬಿಕೊಂಡಿವೆ, ಆದರೆ ಪದರದ ಬುಡದಲ್ಲಿರುವ ತೆಳು ಪೊರೆಯನ್ನು ಇನ್ನೂ ಸೀಳಿಲ್ಲ. ಪೊರೆ ಸೀಳಿದ ದಿನದಿಂದ ಅದು ಪೂರ್ಣ ಕ್ಯಾನ್ಸರ್. ಆ ಮೇಲೆ ಹಕ್ಕಳೆಯ ಅಡಿಯಲ್ಲಿ ಹುಣ್ಣು ಅಗಲವಾಗುತ್ತದೆ, ಮೃದ್ವಸ್ಥಿ ಕರಗುತ್ತದೆ, ಹತ್ತನೇ ವರ್ಷದ ಹೊತ್ತಿಗೆ ಕಿವಿ ಯಾರೋ ಕಚ್ಚಿ ತಿಂದಂತೆ ಮೊಟಕಾಗಿರುತ್ತದೆ.

ಯಾರೋ ಕಚ್ಚಿದಂತೆ ಕಾಣುವುದೇ ತೊಂದರೆ. ತೋಟಗಳಲ್ಲಿ ಬೆಕ್ಕುಗಳ ಜಗಳ ದಿನದ ಮಾತು, ಹರಿದ ಕಿವಿ ಯಾರಿಗೂ ಸುದ್ದಿಯಲ್ಲ. ‘ಪಕ್ಕದ ಲೈನ್ ಮನೆಯ ಮಾಳಬೆಕ್ಕು ಕಚ್ಚಿರಬೇಕು ಡಾಕ್ಟ್ರೇ’ ಎಂಬ ವಿವರಣೆ ಪಶು ಆಸ್ಪತ್ರೆಗೆ ರೋಗಿಗಿಂತ ಮೊದಲೇ ಬಂದಿರುತ್ತದೆ. ಜಗಳದ ಗಾಯಕ್ಕೆ ಒಂದು ಹುಟ್ಟಿದ ದಿನವಿರುತ್ತದೆ. ನಿನ್ನೆ ಇರಲಿಲ್ಲ, ಇಂದು ಇದೆ. ಎರಡು ಮೂರು ದಿನದಲ್ಲಿ ಊದಿ ಕೀವಾಗುತ್ತದೆ, ಒಡೆದು ಎರಡು ವಾರದಲ್ಲಿ ಮಾಯುತ್ತದೆ. ಬಿಸಿಲ ಹುಣ್ಣಿಗೆ ಹುಟ್ಟಿದ ದಿನವನ್ನು ಮನೆಯಲ್ಲಿ ಯಾರೂ ಹೇಳಲಾರರು.

ಗಜ್ಜಿಯೊಂದಿಗೆ ಆಗುವ ಗೊಂದಲ ಇದಕ್ಕಿಂತ ಸೂಕ್ಷ್ಮ. ಬೆಕ್ಕಿನ ತಲೆಗಜ್ಜಿ ತರುವ ನೋಟೊಎಡ್ರಿಸ್ ಎಂಬ ನುಸಿಯೂ ಕಿವಿಯ ಅಂಚಿನಿಂದಲೇ ಕೆಲಸ ಶುರುಮಾಡುತ್ತದೆ, ಅದೂ ಬೂದು ಹಕ್ಕಳೆ ಕಟ್ಟಿಸುತ್ತದೆ. ಆದರೆ ಅದು ಬಣ್ಣ ನೋಡುವುದಿಲ್ಲ. ಕಪ್ಪು ಬೆಕ್ಕಿಗೂ ಬರುತ್ತದೆ, ಮನೆಯ ಉಳಿದ ಬೆಕ್ಕುಗಳಿಗೂ ಅಂಟುತ್ತದೆ, ಬೇಗ ಮುಖ, ಕುತ್ತಿಗೆಗೆ ಹರಡುತ್ತದೆ, ತುರಿಕೆಗೆ ಬೆಕ್ಕು ರಕ್ತ ಬರುವವರೆಗೆ ಕೆರೆದುಕೊಳ್ಳುತ್ತದೆ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಸಿ ಕಾಣುತ್ತದೆ. ಸರಿಯಾದ ಔಷಧಿ ಬಿದ್ದರೆ ಎರಡು ಮೂರು ವಾರದಲ್ಲಿ ಇಳಿಮುಖವಾಗುತ್ತದೆ. ಮಲೆನಾಡಿನಲ್ಲಿ ಸೊಳ್ಳೆ ಕಡಿತದ ಅಲರ್ಜಿಯೂ ಮೂಗು, ಕಿವಿಯ ಮೇಲೆ ಹಕ್ಕಳೆ ತರಬಲ್ಲದು, ಹುಳುಕಡ್ಡಿಯೂ ತರಬಲ್ಲದು. ಕಿತ್ತಳೆ ಬಣ್ಣದ ಬೆಕ್ಕುಗಳ ಮೂಗು, ತುಟಿಯ ಮೇಲೆ ವಯಸ್ಸಾದಂತೆ ಬರುವ ಚಪ್ಪಟೆ ಕಪ್ಪು ಚುಕ್ಕೆಗಳಿಗೆ ಮಾತ್ರ ಹೆದರಬೇಕಿಲ್ಲ. ಅವು ನಿರುಪದ್ರವಿ.

ಹಾಗಾಗಿ ಮೊದಲ ಭೇಟಿಯಲ್ಲೇ ಕ್ಯಾನ್ಸರ್ ಎನ್ನುವ ಆತುರ ಬೇಡ. ಗಜ್ಜಿಗೋ ಸೋಂಕಿಗೋ ಚಿಕಿತ್ಸೆ ಕೊಟ್ಟು ಮೂರು ವಾರ ಕಾಯುವುದು ನ್ಯಾಯವೇ. ಮೂರು ವಾರವಾದರೂ ಬಿಳಿ ಕಿವಿಯ ಹಕ್ಕಳೆ ಅಲ್ಲೇ ಇದ್ದರೆ ಇನ್ನೊಂದು ಮುಲಾಮು ಬದಲಿಸಿ ನೋಡುವುದು ನ್ಯಾಯವಲ್ಲ. ಅದರಲ್ಲೂ ಸ್ಟಿರಾಯ್ಡ್ ಇರುವ ಮುಲಾಮು, ಚುಚ್ಚುಮದ್ದು ಇಲ್ಲಿ ದಾರಿ ತಪ್ಪಿಸುತ್ತವೆ. ಕೆಂಪು, ಊತ ಇಳಿದು ಗುಣವಾದಂತೆ ಕಾಣುತ್ತದೆ, ಕೆಟ್ಟ ಕೋಶಗಳು ಇದ್ದಲ್ಲೇ ಇರುತ್ತವೆ. ಮುಂದಿನ ಹೆಜ್ಜೆ ಬಯಾಪ್ಸಿ.

ಬಯಾಪ್ಸಿಯಲ್ಲೂ ಎಡವುವ ಜಾಗಗಳಿವೆ. ಹಕ್ಕಳೆಯನ್ನು ಮಾತ್ರ ಕಿತ್ತು ಕಳಿಸಿದರೆ ‘ಉರಿಯೂತ’ ಎಂಬ ಉತ್ತರ ಬರುತ್ತದೆ, ಏಕೆಂದರೆ ಹಕ್ಕಳೆಯಲ್ಲಿ ಇರುವುದು ಅದೇ. ಹುಣ್ಣಿನ ಅಂಚಿನಿಂದ, ಒಳ್ಳೆಯ ಚರ್ಮವೂ ಸ್ವಲ್ಪ ಸೇರುವಂತೆ, ಪೂರ್ತಿ ಆಳದ ತುಣುಕು ಬೇಕು. ಆಗ ಮಾತ್ರ ಆ ತೆಳು ಪೊರೆ ಸೀಳಿದೆಯೇ ಇಲ್ಲವೇ ಎಂದು ರೋಗಶಾಸ್ತ್ರಜ್ಞರು ಹೇಳಬಲ್ಲರು. ತುಣುಕನ್ನು ಅದರ ಹತ್ತು ಪಟ್ಟು ಫಾರ್ಮಲಿನ್ ದ್ರಾವಣದಲ್ಲಿ, ಅಗಲ ಬಾಯಿಯ ಬಾಟಲಿಯಲ್ಲಿ ಹಾಕಬೇಕು. ಸಲೈನ್‌ನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದರೆ ತಲುಪುವಷ್ಟರಲ್ಲಿ ಕೊಳೆತಿರುತ್ತದೆ. ಜಾವಳಿಯವರಿಗೆ ಹಾಸನ, ಶಿವಮೊಗ್ಗಗಳ ಪಶುವೈದ್ಯಕೀಯ ಕಾಲೇಜುಗಳಿವೆ, ದೂರವಾದರೂ ಬೆಂಗಳೂರಿನ ಹೆಬ್ಬಾಳದ ಕಾಲೇಜಿದೆ. ಕಿವಿಯ ತುದಿಯಲ್ಲಿ ಮಾತ್ರ ಇರುವ ಸಣ್ಣ ಗಾಯವಾದರೆ ಅನುಭವಿ ವೈದ್ಯರು ಬಯಾಪ್ಸಿಯನ್ನೂ ಶಸ್ತ್ರಚಿಕಿತ್ಸೆಯನ್ನೂ ಒಂದೇ ಸಲಕ್ಕೆ ಮುಗಿಸುವುದುಂಟು. ತುದಿಯನ್ನು ಕತ್ತರಿಸಿ, ಕತ್ತರಿಸಿದ್ದನ್ನೇ ಪರೀಕ್ಷೆಗೆ ಕಳಿಸುತ್ತಾರೆ.

ಕಿವಿ ಕತ್ತರಿಸುವುದೆಂದರೆ ಮನೆಯವರ ಕರುಳು ಚುರ್ ಎನ್ನುತ್ತದೆ. ಕೆಲಸ ಮಾತ್ರ ಸರಳ. ವಯಸ್ಸಾದ ಬೆಕ್ಕಾದ್ದರಿಂದ ಮೂತ್ರಪಿಂಡ, ರಕ್ತದ ಪರೀಕ್ಷೆ ಮಾಡಿ, ದವಡೆಯ ಕೆಳಗಿನ ದುಗ್ಧಗ್ರಂಥಿ ದಪ್ಪವಾಗಿದೆಯೇ ಎಂದು ಮುಟ್ಟಿ ನೋಡಿ, ಪೂರ್ಣ ಅರಿವಳಿಕೆ ಕೊಡುತ್ತಾರೆ. ಕಣ್ಣಿಗೆ ಕಾಣುವ ಗಾಯಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಒಳಗೆ ಕಿವಿಯನ್ನು ಕತ್ತರಿಸುತ್ತಾರೆ. ಕೆಟ್ಟ ಕೋಶಗಳು ಕಾಣುವ ಗಡಿಗಿಂತ ಆಚೆ ಹಬ್ಬಿರುತ್ತವೆ. ಮೃದ್ವಸ್ಥಿಯನ್ನು ಕೊಂಚ ಹೆಚ್ಚು ಕತ್ತರಿಸಿ, ಹೊರಗಿನ ಚರ್ಮವನ್ನು ಅದರ ಮೇಲೆಳೆದು ಒಳಗಿನ ಚರ್ಮಕ್ಕೆ ಸಣ್ಣ ದಾರದಿಂದ ಹೊಲಿಯುತ್ತಾರೆ. ಮೃದ್ವಸ್ಥಿ ಹೊರಗೆ ಇಣುಕಿದರೆ ಗಾಯ ಮಾಯುವುದು ತಡ. ಕತ್ತಿಗೆ ಲಾಳಿಕೆಯಂಥ ಪಟ್ಟಿ, ಹತ್ತು ಹದಿನಾಲ್ಕು ದಿನಕ್ಕೆ ಹೊಲಿಗೆ ತೆಗೆಯುವುದು, ಅಷ್ಟೇ. ಶಬ್ದ ಹಿಡಿಯುವ ಯಂತ್ರವೆಲ್ಲ ಒಳಗಿರುವುದರಿಂದ ಬೆಕ್ಕು ಕಿವುಡಾಗುವುದಿಲ್ಲ. ಕೂದಲು ಬೆಳೆದ ಮೇಲೆ ಮುಖ ಕರಡಿಮರಿಯಂತೆ ದುಂಡಗೆ ಕಾಣುತ್ತದೆ, ಬೆಕ್ಕಿಗೆ ಕನ್ನಡಿಯ ಚಿಂತೆಯಿಲ್ಲ.

ಈ ಕ್ಯಾನ್ಸರಿನ ಒಂದು ಗುಣ ಇಲ್ಲಿ ಬೆಕ್ಕಿನ ಪರವಾಗಿದೆ. ಅದು ಇದ್ದಲ್ಲಿ ಆಳಕ್ಕೆ ಕೊರೆಯುತ್ತದೆ, ದುಗ್ಧಗ್ರಂಥಿಗೂ ಶ್ವಾಸಕೋಶಕ್ಕೂ ಹಾರುವುದು ತಡವಾಗಿ. ಆದ್ದರಿಂದ ಅಂಚು ಶುದ್ಧವಾಗಿ ಸಿಕ್ಕರೆ ಕತ್ತರಿಯೇ ಪೂರ್ತಿ ಚಿಕಿತ್ಸೆಯಾಗಬಲ್ಲದು. ಇನ್ನೂ ಮೇಲ್ಪದರದಲ್ಲೇ ಇರುವ ಸಣ್ಣ ಗಾಯವನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ಸಾಯಿಸುವ ದಾರಿಯೂ ಇದೆ. ಅದರಲ್ಲಿ ಪರೀಕ್ಷಿಸಲು ಅಂಚು ಉಳಿಯುವುದಿಲ್ಲ ಎನ್ನುವುದು ಕೊರತೆ. ಕಾಯಿಲೆ ಕಿವಿಯ ಬುಡ ಮುಟ್ಟಿದ್ದರೆ ಕಿವಿಯ ಕೊಳವೆಯನ್ನೇ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮೂಗಿಗೆ ಬಂದರೆ ಇನ್ನೂ ಕಷ್ಟ. ಅಲ್ಲಿ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಲು ಜಾಗವೇ ಇಲ್ಲ, ವಿಕಿರಣ ಚಿಕಿತ್ಸೆ ಊರಿನ ಪಶು ಆಸ್ಪತ್ರೆಯಲ್ಲಿ ಸಿಗುವಂಥದ್ದಲ್ಲ.

ಮನೆಯ ಔಷಧಿ ಡಬ್ಬಿಯ ವಿಷಯದಲ್ಲಿ ಬೆಕ್ಕು ಸಣ್ಣ ನಾಯಿಯೂ ಅಲ್ಲ, ಸಣ್ಣ ಮನುಷ್ಯನೂ ಅಲ್ಲ. ಹಲವು ರಾಸಾಯನಿಕಗಳನ್ನು ನಿರ್ವಿಷಗೊಳಿಸಿ ಹೊರಹಾಕಲು ಬೇಕಾದ ಯಕೃತ್ತಿನ ಕಿಣ್ವವೊಂದು ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ನೋವಿಗೆಂದು ಕೊಟ್ಟ ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಕೊಲ್ಲಬಹುದು. ಗಾಯ ತೊಳೆಯಲು ಬಳಸುವ ಫಿನಾಲ್ ಜಾತಿಯ ದ್ರಾವಣಗಳು, ನಾಯಿಯ ಉಣ್ಣೆಗೆಂದು ತಂದ ಪರ್ಮೆಥ್ರಿನ್ ಹನಿ, ಇವೂ ವಿಷ. ಮನುಷ್ಯರ ಚರ್ಮದ ಇಂಥದ್ದೇ ಕಲೆಗಳಿಗೆ ವೈದ್ಯರು ಬರೆಯುವ ಫ್ಲೋರೋಯುರಾಸಿಲ್ ಮುಲಾಮನ್ನು ಬೆಕ್ಕಿನ ಕಿವಿಗೆ ಹಚ್ಚಿದರೆ ಅದು ನಡುಕ, ಸೆಳವು ಬಂದು ಸಾಯಬಹುದು. ‘ಕಾಯಿಲೆ ಅದೇ ತಾನೇ’ ಎಂಬ ತರ್ಕ ಇಲ್ಲಿ ಅಪಾಯಕಾರಿ.

ಸನ್‌ಸ್ಕ್ರೀನ್ ಕೂಡ ಅಂದುಕೊಂಡಷ್ಟು ಸುಲಭವಲ್ಲ. ಬೆಕ್ಕು ಪಂಜ ನೆಕ್ಕಿ ಅದರಿಂದ ಕಿವಿ ಒರೆಸಿ ಮತ್ತೆ ಪಂಜ ನೆಕ್ಕುವ ಪ್ರಾಣಿ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಮನುಷ್ಯರ ಸನ್‌ಸ್ಕ್ರೀನುಗಳಲ್ಲಿರುವ ಸತುವಿನ ಆಕ್ಸೈಡೂ ಸ್ಯಾಲಿಸಿಲೇಟುಗಳೂ ಅದಕ್ಕೆ ಒಗ್ಗುವುದಿಲ್ಲ. ಬೆಕ್ಕಿಗೆಂದೇ ಮಾಡಿದ್ದು ಸಿಕ್ಕರೂ ದಿನಕ್ಕೆ ಹಲವು ಸಲ ಹಚ್ಚಬೇಕು. ಹಚ್ಚಿಸಿಕೊಳ್ಳುವ ತೋಟದ ಬೆಕ್ಕನ್ನು ಕಂಡವರು ಕಡಿಮೆ. ಕಿವಿಗೆ ಕಪ್ಪು ಹಚ್ಚೆ ಹಾಕಿಸುವ ಪ್ರಯೋಗವನ್ನೂ ಹೊರದೇಶಗಳಲ್ಲಿ ಮಾಡಿ ನೋಡಿದ್ದಾರೆ. ಹಚ್ಚೆಯ ಬಣ್ಣ ಕೂರುವುದು ಚರ್ಮದ ಒಳಪದರದಲ್ಲಿ, ಸುಡುವ ಕೋಶಗಳು ಅದರ ಮೇಲಿರುತ್ತವೆ. ಕಾಪಾಡಬೇಕಾದವರ ಕೆಳಗೆ ಕೊಡೆ ಹಿಡಿದ ಹಾಗಾಯಿತು.

ಹೆಚ್ಚು ಫಲ ಕೊಡುವುದು ಬೆಕ್ಕಿನ ಆಸೆಯನ್ನು ಅರ್ಥ ಮಾಡಿಕೊಂಡ ಉಪಾಯ. ಅದು ಬಿಸಿಲಿಗೆ ಹೋಗುವುದು ಬೆಳಕಿಗಲ್ಲ, ಬಿಸಿಗೆ. ಬೆಳಕಿಲ್ಲದ ಬಿಸಿ ಮಲೆನಾಡಿನ ಮನೆಯಲ್ಲಿ ಬೇಕಾದಷ್ಟಿದೆ. ಬಚ್ಚಲಿನ ಹಂಡೆ ಒಲೆಯ ಪಕ್ಕ ಒಂದು ಹಳೆಯ ಗೋಣಿಚೀಲ ಹಾಸಿ, ಹತ್ತು ಗಂಟೆಯ ಹೊತ್ತಿಗೆ ಅಲ್ಲೇ ಊಟ ಹಾಕುವ ರೂಢಿ ಮಾಡಿದರೆ ಹೊಟ್ಟೆ ತುಂಬಿದ ಬೆಕ್ಕು ಮೂರರವರೆಗೆ ಅಲ್ಲಿಂದ ಕದಲುವ ಸಂಭವ ಕಡಿಮೆ. ಮಾಡಿನ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲ ಚೌಕವೂ ಕಣಕ್ಕಿಂತ ಎಷ್ಟೋ ಮೇಲು. ಹೆಚ್ಚು ಸುಡುವ ಬಿ ಜಾತಿಯ ನೇರಳಾತೀತ ಕಿರಣವನ್ನು ಗಾಜು ಬಹುಪಾಲು ತಡೆಯುತ್ತದೆ. ಎ ಜಾತಿಯದು ದಾಟಿ ಬರುತ್ತದೆ, ಆದರೆ ಅದರ ಕಾಟ ಕಡಿಮೆ. ಬೆಳಗಿನ ಎಂಟೂವರೆಯ ಎಳೆ ಬಿಸಿಲನ್ನು ತಪ್ಪಿಸುವ ಅಗತ್ಯವೇನೂ ಇಲ್ಲ.

ನಾಯಿಗಳಲ್ಲಿ ಈ ಕಾಯಿಲೆ ಜಾಗ ಬದಲಿಸುತ್ತದೆ. ಗಿಡ್ಡ ಬಿಳಿ ಕೂದಲಿನ ನಾಯಿ ಅಂಗಾತ ಬಿದ್ದು ಬಿಸಿಲು ಕಾಯಿಸುವ ಅಭ್ಯಾಸದ್ದಾದರೆ ಕೂದಲಿಲ್ಲದ ಹೊಟ್ಟೆ, ತೊಡೆಯ ಒಳಭಾಗ ಸುಡುತ್ತದೆ. ಡಾಲ್ಮೇಶಿಯನ್, ಬುಲ್ ಟೆರಿಯರ್‌ಗಳಲ್ಲಿ ಇದು ಹೆಚ್ಚು. ಅವುಗಳ ಚುಕ್ಕೆಯಿರುವ ಜಾಗದ ಚರ್ಮ ಮೆತ್ತಗಿದ್ದು ಪಕ್ಕದ ಬಿಳಿ ಜಾಗ ಒರಟಾಗಿರುವುದು ಕೈಗೇ ಸಿಗುತ್ತದೆ. ಕೊಟ್ಟಿಗೆಯಲ್ಲಿ ಇದರ ನೆಂಟನನ್ನು ಹುಡುಕಬೇಕಾದದ್ದು ಕಣ್ಣಿನ ಸುತ್ತ ಬಿಳಿಯಿರುವ ಎಚ್‌ಎಫ್ ಮಿಶ್ರತಳಿ ಹಸುಗಳಲ್ಲಿ. ರೆಪ್ಪೆಯ ಅಂಚಿನಲ್ಲಿ, ಕಣ್ಣಿನ ಮೂಲೆಯಲ್ಲಿ ಸಣ್ಣ ನರುಳಿಯಂತೆ ಹುಟ್ಟುವುದನ್ನು ಆಗಲೇ ತೆಗೆಸಿದರೆ ಕಣ್ಣು ಉಳಿಯುತ್ತದೆ.

ಕಿವಿ ಕತ್ತರಿಸಿಕೊಂಡ ಬೆಕ್ಕಿಗೆ ಅಂಚು ಶುದ್ಧವೆಂದು ವರದಿ ಬಂದರೂ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಇನ್ನೊಂದು ಕಿವಿ, ಎರಡು ರೆಪ್ಪೆ, ಮೂಗು ಅಷ್ಟೇ ವರ್ಷ ಅದೇ ಬಿಸಿಲು ಕುಡಿದಿವೆ. ಹಳೆಯದು ಮರುಕಳಿಸುವುದಕ್ಕಿಂತ ಹೊಸ ಜಾಗದಲ್ಲಿ ಇನ್ನೊಂದು ಹುಟ್ಟುವ ಸಾಧ್ಯತೆಯನ್ನೇ ಪಶುವೈದ್ಯರು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಮೂರು ತಿಂಗಳಿಗೊಮ್ಮೆ ತಂದು ತೋರಿಸಿ ಎನ್ನುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಕಿವಿಯ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಸಾಕು. ಹಕ್ಕಳೆ ದೊಡ್ಡದಾಗಿದೆಯೋ ಇಲ್ಲವೋ ಎಂಬ ಚರ್ಚೆಗೆ ನೆನಪಿಗಿಂತ ನಾಣ್ಯದ ಅಳತೆಯೇ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.